ವಾಲ್‌ಪ್ರೊಯೇಟ್ 104: ಎಷ್ಟು ಗಂಟೆಯ 104?

ಶಿರಸಿ, ಕುಮಟಾ, ಹೊನ್ನಾವರದಂಥ ಊರುಗಳಲ್ಲಿ ಮೂರ್ಛೆರೋಗದ ಔಷಧಿಯ ರಕ್ತಮಟ್ಟ ನೋಡಿಸಬೇಕೆಂದರೆ ಸಾಮಾನ್ಯವಾಗಿ ರಕ್ತ ತೆಗೆಯುವುದಷ್ಟೇ ಊರಲ್ಲಿ ನಡೆಯುತ್ತದೆ. ಟ್ಯೂಬು ಹುಬ್ಬಳ್ಳಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತದೆ, ರಿಪೋರ್ಟು ಮೊಬೈಲಿಗೆ ಬರುತ್ತದೆ. ಅದನ್ನು ನೋಡಬೇಕಾದ ನರರೋಗ ತಜ್ಞರು ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಇರುತ್ತಾರೆ. ಕಾರವಾರದ ಕಡೆಯವರಾದರೆ ಗೋವೆಯಲ್ಲಿ. ರಕ್ತ ತೆಗೆದವರು, ಅಳೆದವರು, ಡೋಸ್ ನಿರ್ಧರಿಸುವವರು ಮೂರು ಊರಿನ ಮೂವರು. ಇವರ ನಡುವೆ ಓಡಾಡುವುದು ಒಂದೇ ಹಾಳೆ. ಅದರಲ್ಲಿ ಹೆಸರು, ವಯಸ್ಸು, ಔಷಧಿ, ಒಂದು ಅಂಕಿ, ಪಕ್ಕದಲ್ಲಿ 'ಸಾಮಾನ್ಯ ಮಿತಿ' ಇರುತ್ತವೆ. ಆ ಅಂಕಿಗೆ ಅರ್ಥ ಕೊಡುವ ಸಂಗತಿ ಮಾತ್ರ ಬಹಳ ಸಲ ಇರುವುದಿಲ್ಲ: ಕೊನೆಯ ಡೋಸ್ ಎಷ್ಟು ಗಂಟೆಗೆ ಹೊಟ್ಟೆಗೆ ಹೋಯಿತು, ರಕ್ತ ಎಷ್ಟು ಗಂಟೆಗೆ ತೆಗೆದರು.

ಇದು ಬಿಟ್ಟುಹೋದರೆ ಏನಾಗುತ್ತದೆ ಎಂದು ನೋಡಲು ವಾಲ್‌ಪ್ರೊಯೇಟ್ ಸಿರಪ್ಪನ್ನೇ ತೆಗೆದುಕೊಳ್ಳೋಣ. ಮಕ್ಕಳಿಗೆ ಬಹಳವಾಗಿ ಕೊಡುವ ಔಷಧಿ ಇದು, ಹೊತ್ತಿಗೆ ಸಿಕ್ಕಿಬೀಳುವ ಔಷಧಿಯೂ ಹೌದು.

ಲೆಕ್ಕಕ್ಕೆಂದು 20 ಕಿಲೋ ತೂಕದ ಒಂದು ಮಗುವನ್ನು ಇಟ್ಟುಕೊಳ್ಳಿ. ಸಿರಪ್ಪಿನ 5 ಮಿ.ಲೀ.ಯಲ್ಲಿ 200 ಮಿ.ಗ್ರಾಂ ಸೋಡಿಯಂ ವಾಲ್‌ಪ್ರೊಯೇಟ್ ಇದೆ. ಬೆಳಿಗ್ಗೆ 8ಕ್ಕೆ 8 ಮಿ.ಲೀ., ರಾತ್ರಿ 8ಕ್ಕೆ 8 ಮಿ.ಲೀ., ಅಂದರೆ ಒಂದು ಹೊತ್ತಿಗೆ 320 ಮಿ.ಗ್ರಾಂ. ಮಕ್ಕಳಲ್ಲಿ ಈ ಔಷಧಿ ದೊಡ್ಡವರಿಗಿಂತ ಬೇಗ ಖಾಲಿಯಾಗುತ್ತದೆ. ಈ ಮಗುವಿನಲ್ಲಿ ಪ್ರತಿ 9 ಗಂಟೆಗೊಮ್ಮೆ ರಕ್ತದ ಮಟ್ಟ ಅರ್ಧಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಇದನ್ನೇ ಅರ್ಧಾಯುಷ್ಯ ಎನ್ನುವುದು. ಸಿರಪ್ ಕುಡಿಸಿದ ಒಂದು, ಒಂದೂವರೆ ಗಂಟೆಯಲ್ಲಿ ಬಹುಪಾಲು ರಕ್ತ ಸೇರಿರುತ್ತದೆ. ಔಷಧಿ ತಪ್ಪದೆ ನಡೆದು ಮಟ್ಟ ಒಂದು ಹದಕ್ಕೆ ಬಂದ ಮೇಲೆ ಅದೇ ಮಗು, ಅದೇ ಡೋಸ್, ಅದೇ ದಿನ ಏನು ತೋರಿಸುತ್ತದೆ ನೋಡಿ. ಬೆಳಿಗ್ಗೆ 8ಕ್ಕೆ, ಸಿರಪ್ ಕುಡಿಸುವ ಮೊದಲು, ಮಿಲಿಲೀಟರಿಗೆ ಸುಮಾರು 47 ಮೈಕ್ರೊಗ್ರಾಂ. ಕುಡಿಸಿ ಒಂಬತ್ತೂವರೆಗೆ ತೆಗೆದರೆ 104. ಹನ್ನೊಂದಕ್ಕೆ 94. ಮಧ್ಯಾಹ್ನ ಎರಡಕ್ಕೆ 75. ರಾತ್ರಿ ಎಂಟರ ಹೊತ್ತಿಗೆ ಮತ್ತೆ 47.

ರಿಪೋರ್ಟಿನಲ್ಲಿ ಮುದ್ರಿಸಿರುವ ಮಿತಿ 50ರಿಂದ 100. ಎಂಟಕ್ಕೆ ತೆಗೆದರೆ 'ಕಡಿಮೆ', ಒಂಬತ್ತೂವರೆಗೆ 'ಹೆಚ್ಚು', ಎರಡಕ್ಕೆ 'ಸರಿ'. ಮಗುವಿನಲ್ಲಿ ಏನೂ ಬದಲಾಗಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಆಳ ಎಷ್ಟು ಎಂದು ಕೇಳಿದರೆ ದೋಣಿಯವರು ಭರತವೋ ಇಳಿತವೋ ಎಂದು ಮೊದಲು ವಿಚಾರಿಸುವ ಹಾಗೆ, ಇಲ್ಲಿಯೂ ಮೊದಲು ಕೇಳಬೇಕಾದದ್ದು ಹೊತ್ತನ್ನು.

50ರಿಂದ 100 ಎಂಬ ಮಿತಿಯನ್ನು ಕಟ್ಟಿದ್ದೇ ಮುಂದಿನ ಡೋಸಿಗೆ ತುಸು ಮೊದಲು ತೆಗೆದ ರಕ್ತದ ಆಧಾರದ ಮೇಲೆ. ಎರಡು ಡೋಸುಗಳ ನಡುವಿನ ಅತಿ ಕೆಳಗಿನ ಮಟ್ಟ ಅದು, ಲ್ಯಾಬಿನವರ ಬಾಯಲ್ಲಿ 'ಟ್ರಫ್'. ಮೂರ್ಛೆರೋಗದ ಅಂತಾರಾಷ್ಟ್ರೀಯ ವೈದ್ಯ ಸಂಘಟನೆಯ 2008ರ ಮಾರ್ಗದರ್ಶಿಯೂ ಮಟ್ಟ ಹದಕ್ಕೆ ಬಂದ ಮೇಲೆ, ಡೋಸಿಗೆ ಮೊದಲು ರಕ್ತ ತೆಗೆಯಿರಿ ಎನ್ನುತ್ತದೆ. ಕಾರಣ ಸರಳ. ಏರಿಕೆಯ ಹೊತ್ತಿನಲ್ಲಿ ಊಟ, ಹೊಟ್ಟೆ, ಔಷಧಿಯ ರೂಪ ಎಲ್ಲವೂ ಕೈಯಾಡಿಸುತ್ತವೆ, ಹಾಗಾಗಿ ಇವತ್ತಿನ ಏರಿಕೆಯನ್ನು ಮುಂದಿನ ತಿಂಗಳಿನ ಏರಿಕೆಯ ಜೊತೆ ಹೋಲಿಸಲು ಬರುವುದಿಲ್ಲ. ಇಳಿಕೆಯ ತುದಿ ಅದಕ್ಕಿಂತ ಸ್ಥಿರ. ಅಪಾಯವೂ ಅಲ್ಲೇ ಇರುತ್ತದೆ, ರಕ್ಷಣೆ ಅತ್ಯಂತ ತೆಳುವಾಗಿರುವ ಗಳಿಗೆ ಅದು.

ಇನ್ನು ತಪ್ಪು ನಿರ್ಧಾರ ಹೇಗೆ ಹುಟ್ಟುತ್ತದೆ ನೋಡೋಣ. ಎಂಟಕ್ಕೆ ಔಷಧಿ ಕುಡಿಸಿ, ಆಸರಿ ಮುಗಿಸಿ, ಬಸ್ಸು ಹಿಡಿದು ಶಿರಸಿ ಮುಟ್ಟುವಾಗ ಒಂಬತ್ತೂವರೆ. ರಕ್ತ ಕೊಡುತ್ತಾರೆ. 104 ಬರುತ್ತದೆ, ಎದುರಿಗೆ 'ಹೆಚ್ಚು' ಎಂಬ ಗುರುತು. ಹೊತ್ತು ಗೊತ್ತಿಲ್ಲದ ವೈದ್ಯರು 8 ಮಿ.ಲೀ.ಯನ್ನು 6ಕ್ಕೆ ಇಳಿಸುತ್ತಾರೆ. ನಿಜವಾದ ಇಳಿಕೆಯ ಮಟ್ಟ ಈಗ 47ರಿಂದ 35ಕ್ಕೆ ಬಂತು. ಕೆಲವು ವಾರ ಕಳೆದು ಬೆಳಗಿನ ಜಾವ, ಮಗು ಏಳುವ ಹೊತ್ತಿಗೆ, ಫಿಟ್ಸ್ ಬರುತ್ತದೆ. ರಾತ್ರಿ ಎಂಟರ ಡೋಸು ತಳ ಮುಟ್ಟುವ ಹೊತ್ತೇ ಅದು. ಮತ್ತೆ ಪರೀಕ್ಷೆ. ಈ ಸಲವೂ ಕುಡಿಸಿಕೊಂಡೇ ಹೋದರೆ 78 ಬರುತ್ತದೆ, 'ಸರಿ'. ಮಟ್ಟ ಸರಿ ಇದ್ದೂ ಫಿಟ್ಸ್ ಬಂತಲ್ಲ ಎಂದು ಎರಡನೆಯ ಔಷಧಿ ಸೇರುತ್ತದೆ. ಬದಲಿಗೆ ಈ ಸಲ 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂದದ್ದನ್ನು ಔಷಧಿಗೂ ಹಚ್ಚಿಕೊಂಡು ಕುಡಿಸದೆ ಬಂದರೆ 35, 'ಕಡಿಮೆ'. ಆಗ ತಾಯಿಗೆ ಪ್ರಶ್ನೆ: "ಔಷಧಿ ಸರಿಯಾಗಿ ಕೊಡ್ತಾ ಇದ್ದೀರೇನಮ್ಮಾ?" ಆಕೆ ಒಂದು ಹೊತ್ತೂ ತಪ್ಪಿಸಿಲ್ಲ.

ಇದಕ್ಕಿಂತ ಮೋಸ ಮಾಡುವ ಲೆಕ್ಕ ಇನ್ನೊಂದಿದೆ. ಅದೇ ತೂಕದ ಇನ್ನೊಂದು ಮಗು. ಸಿರಪ್ ಮುಗಿದು ನಾಲ್ಕೈದು ದಿನವಾಗಿದೆ, ರಕ್ತದಲ್ಲಿ ಔಷಧಿ ಬಹುತೇಕ ಇಲ್ಲ. ಪರೀಕ್ಷೆಯ ದಿನವೇ ಹೊಸ ಬಾಟಲಿ ತಂದು ಬೆಳಿಗ್ಗೆ 8ಕ್ಕೆ 8 ಮಿ.ಲೀ. ಕುಡಿಸುತ್ತಾರೆ, ಒಂಬತ್ತೂವರೆಗೆ ರಕ್ತ ಕೊಡುತ್ತಾರೆ. ಆ ಒಂದೇ ಡೋಸಿಗೆ ರಿಪೋರ್ಟು ಸುಮಾರು 62 ತೋರಿಸುತ್ತದೆ. ಮಿತಿಯ ಒಳಗೆ! ಐದು ದಿನ ಔಷಧಿಯೇ ಇಲ್ಲದ ಮಗುವಿಗೆ 62, 'ಸರಿ'. ಒಂದು ಹೊತ್ತೂ ಬಿಡದೆ ಕುಡಿದು, ಡೋಸಿಗೆ ಮೊದಲು ರಕ್ತ ಕೊಟ್ಟ ಮಗುವಿಗೆ 47, 'ಕಡಿಮೆ'. ಔಷಧಿ ಕ್ರಮವಾಗಿ ನಡೆಯುತ್ತಿದೆಯೇ ಎಂದು ತಿಳಿಯಲೆಂದೇ ಬರೆಸಿದ ಪರೀಕ್ಷೆ, ಹೊತ್ತು ತಪ್ಪಿದರೆ ಉಲ್ಟಾ ಉತ್ತರ ಕೊಡುತ್ತದೆ. ಡೋಸಿಗೆ ಮೊದಲೇ ತೆಗೆದಿದ್ದರೆ ಎರಡನೆಯ ಮಗುವಿನ ರಿಪೋರ್ಟು ಸೊನ್ನೆಯ ಹತ್ತಿರ ಇರುತ್ತಿತ್ತು, ಮಾತೇ ಬೇಕಾಗುತ್ತಿರಲಿಲ್ಲ.

ಹಿಂದಿನ ರಾತ್ರಿಯ ಒಂದೇ ಡೋಸು ಮರೆತರೂ ಅಂಕಿ ಬಹಳ ಕುಸಿಯುತ್ತದೆ. ಮೊದಲನೆಯ ಮಗುವಿಗೆ ರಾತ್ರಿ ಮರೆತು ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರೆ 47ರ ಬದಲು 19 ಬರುತ್ತದೆ, ಏಕೆಂದರೆ ಆಗ ಕೊನೆಯ ಡೋಸಿಗೆ ಹನ್ನೆರಡಲ್ಲ, ಇಪ್ಪತ್ನಾಲ್ಕು ಗಂಟೆ. ಆದ್ದರಿಂದ "ದಿನಾ ಕೊಡ್ತೀರಾ?" ಎಂದು ಕೇಳಿದರೆ ಸಾಲದು, ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ರಕ್ತ ತೆಗೆಯುವ ಹುಡುಗಿ ಕೇಳಬೇಕಾದದ್ದು ಇಷ್ಟು: "ಅಕ್ಕಾ, ಪಾಪುಗೆ ಕೊನೆಗೆ ಔಷಧಿ ಕೊಟ್ಟಿದ್ದು ಎಷ್ಟು ಗಂಟೆಗೆ? ಅದಕ್ಕೂ ಮೊದಲಿಂದು?"

ಮೇಲಿನ ಅಂಕಿಗಳು ಸಿರಪ್ಪಿನವು. ಮಾತ್ರೆಗೆ ಬಂದರೆ ಚಿತ್ರ ಬೇರೆ. ವಾಲ್‌ಪ್ರೊಯೇಟ್ ಮಾತ್ರೆಗಳಲ್ಲಿ ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋದ ಮೇಲೆ ಕರಗುವ ಲೇಪನದವು ಇವೆ. ಇವುಗಳ ಏರಿಕೆ ಮೂರರಿಂದ ಐದು ಗಂಟೆಗೆ, ಊಟದ ಜೊತೆ ನುಂಗಿದರೆ ಇನ್ನೂ ತಡ. ಹಾಗಾಗಿ ಎಂಟಕ್ಕೆ ತಿಂಡಿ ತಿಂದು ಮಾತ್ರೆ ನುಂಗಿ ಹತ್ತಕ್ಕೆ ರಕ್ತ ಕೊಟ್ಟವರಲ್ಲಿ ಬೆಳಗಿನ ಮಾತ್ರೆ ಇನ್ನೂ ರಕ್ತಕ್ಕೆ ಇಳಿದೇ ಇರಲಿಕ್ಕಿಲ್ಲ. ರಾತ್ರಿಯದು ಮಾತ್ರ ಇಳಿಯುತ್ತಲೇ ಇರುತ್ತದೆ. ಆಗ 'ಡೋಸ್ ಆಗಿ ಎರಡು ಗಂಟೆ' ಎಂದು ಬರೆದ ರಿಪೋರ್ಟಿನ ಅಂಕಿ ಡೋಸಿಗೆ ಮೊದಲಿನದಕ್ಕಿಂತಲೂ ಕೆಳಗಿರಬಹುದು. ಹೊತ್ತಿನ ಜೊತೆ ಔಷಧಿಯ ರೂಪವನ್ನೂ ಬರೆಯಬೇಕು ಎನ್ನುವುದು ಇದಕ್ಕೇ: ಸಿರಪ್ಪೋ, ಲೇಪನದ ಮಾತ್ರೆಯೋ, ನಿಧಾನಕ್ಕೆ ಬಿಡುವ ಮಾತ್ರೆಯೋ. ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ಒಳ್ಳೆಯದು.

ನಿಧಾನಕ್ಕೆ ಬಿಡುವ ಮಾತ್ರೆಯನ್ನು ರಾತ್ರಿ ಒಂದೇ ಹೊತ್ತು ತೆಗೆದುಕೊಳ್ಳುವವರಿಗೆ ಬೇರೆ ತೊಡಕು. ರಾತ್ರಿ 9ಕ್ಕೆ ನುಂಗುವವರ ಇಳಿಕೆಯ ತುದಿ ಮರುದಿನ ರಾತ್ರಿ 9. ಆ ಹೊತ್ತಿಗೆ ನಮ್ಮ ಊರುಗಳ ಸಂಗ್ರಹ ಕೇಂದ್ರಗಳಿಗೆ ಶಟರ್ ಎಳೆದಿರುತ್ತದೆ. ಬೆಳಿಗ್ಗೆ 9ಕ್ಕೆ ತೆಗೆದ ರಕ್ತ ಇವರಿಗೆ ದಾರಿಯ ನಡುವಿನದು, ತಳದ್ದಲ್ಲ. ಇಂಥವರು ಪ್ರತಿ ಸಲವೂ ಅದೇ ಗಂಟೆಗೆ ಕೊಡಲಿ, 'ಡೋಸ್ ಆಗಿ 12 ಗಂಟೆ' ಎಂದು ಬರೆಸಲಿ. ಮಿತಿಯ ಜೊತೆ ಹೋಲಿಸಲು ಬಾರದಿದ್ದರೂ ಹಿಂದಿನ ರಿಪೋರ್ಟಿನ ಜೊತೆ ಹೋಲಿಸಲು ಬರುತ್ತದೆ.

ಎಲ್ಲ ಔಷಧಿಗೂ ಗಡಿಯಾರ ಇಷ್ಟೇ ಬಿಗಿ ಅಲ್ಲ. ಲೆವೆಟಿರಾಸಿಟಾಮ್ ಇನ್ನೂ ಬಿಗಿ. ದೊಡ್ಡವರಲ್ಲೇ ಅದರ ಅರ್ಧಾಯುಷ್ಯ 6ರಿಂದ 8 ಗಂಟೆ, 12 ಗಂಟೆ ಕಳೆಯುವಷ್ಟರಲ್ಲಿ ಏರಿಕೆಯ ಮೂರನೇ ಒಂದರಷ್ಟಕ್ಕೆ ಇಳಿದಿರುತ್ತದೆ. ಇನ್ನೊಂದು ತುದಿಯಲ್ಲಿ ಹಳೆಯ ಫಿನೊಬಾರ್ಬಿಟೋನ್: ದೊಡ್ಡವರಲ್ಲಿ ಅರ್ಧಾಯುಷ್ಯ ಮೂರು ನಾಲ್ಕು ದಿನ, ಹನ್ನೆರಡು ಗಂಟೆಯಲ್ಲಿ ಇಳಿಯುವುದು ಶೇ. 10ರಷ್ಟು. ಬೆಳಿಗ್ಗೆ ತೆಗೆಯಿರಿ, ಸಂಜೆ ತೆಗೆಯಿರಿ, ಅಂಕಿ ಅಲುಗುವುದಿಲ್ಲ. ಅದನ್ನು ಕೆಡಿಸುವುದು ಗಂಟೆಯಲ್ಲ, ವಾರ. ಯಾವ ಔಷಧಿಯಾದರೂ ಹೊಸ ಡೋಸಿನ ಹದ ಮುಟ್ಟಲು ಸುಮಾರು ಐದು ಅರ್ಧಾಯುಷ್ಯ ಬೇಕು. ನಮ್ಮ ಮಗುವಿನ ವಾಲ್‌ಪ್ರೊಯೇಟಿಗೆ ಅದು ಎರಡೇ ದಿನ, ಫಿನೊಬಾರ್ಬಿಟೋನಿಗೆ ಎರಡು ಮೂರು ವಾರ. ಡೋಸ್ ಏರಿಸಿ ಐದನೇ ದಿನಕ್ಕೆ ಫಿನೊಬಾರ್ಬಿಟೋನ್ ಮಟ್ಟ ನೋಡಿ 'ಸಾಲದು' ಎಂದು ಮತ್ತೆ ಏರಿಸಿದರೆ, ತಿಂಗಳ ಕೊನೆಗೆ ರೋಗಿ ತೂಕಡಿಸುತ್ತ ಕೂತಿರುತ್ತಾನೆ.

ಫೆನಿಟಾಯಿನ್ ಇವೆರಡರ ನಡುವಿನದು, ಜೊತೆಗೆ ಹಟಮಾರಿ. ಅದರ ಮಿತಿ 10ರಿಂದ 20. ಆ ಮಿತಿಯ ಹತ್ತಿರ ಬಂದಂತೆ ಅದನ್ನು ಕಳೆಯುವ ಪಿತ್ತಜನಕಾಂಗದ ಶಕ್ತಿ ಮುಗಿಯುತ್ತ ಬರುತ್ತದೆ. ಡೋಸ್ ಸ್ವಲ್ಪವೇ ಏರಿಸಿದರೂ ಮಟ್ಟ ಹಾರುತ್ತದೆ, ಅರ್ಧಾಯುಷ್ಯವೂ ಉದ್ದವಾಗುತ್ತದೆ. ಕ್ಯಾಪ್ಸೂಲ್ ನುಂಗುವ ದೊಡ್ಡವರಲ್ಲಿ ಗಂಟೆಯ ವ್ಯತ್ಯಾಸ ಅಷ್ಟು ಕಾಡುವುದಿಲ್ಲ, ಸಿರಪ್ ಕುಡಿಯುವ ಮಕ್ಕಳಲ್ಲಿ ಕಾಡುತ್ತದೆ. ಎರಡು ಕಡೆಯೂ ಡೋಸ್ ಬದಲಿಸಿದ ತಾರೀಕು ಬರೆಯದ ರಿಪೋರ್ಟು ಅರ್ಧ ರಿಪೋರ್ಟೇ.

ಇನ್ನು ನಮ್ಮ ಜಿಲ್ಲೆಯ ದಾರಿ, ಬಸ್ಸುಗಳ ನಡುವೆ ಇದನ್ನು ಮಾಡುವುದು ಹೇಗೆ? ಊರಿನ ಹತ್ತಿರವೇ ಕೇಂದ್ರ ಇದ್ದರೆ ಕಷ್ಟವಿಲ್ಲ. ಬೆಳಗಿನ ಔಷಧಿಯನ್ನೂ ಅಳತೆಯ ಮುಚ್ಚಳವನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ಅಲ್ಲೇ ಬೆಂಚಿನ ಮೇಲೆ ಕುಡಿಸಿದರಾಯಿತು. ಔಷಧಿಯ ಮಟ್ಟಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಜೊತೆಗೆ ಬೇರೆ ಪರೀಕ್ಷೆ ಬರೆದಿದ್ದರೆ ಮಾತ್ರ ಆ ಮಾತು. ಹಸಿದ ಮಗುವನ್ನು ಬಸ್ಸಿನಲ್ಲಿ ಕೂರಿಸಿ, ನಿದ್ದೆಯನ್ನೂ ಕೆಡಿಸಿ, ಔಷಧಿಯನ್ನೂ ತಡ ಮಾಡಿದರೆ ಫಿಟ್ಸಿಗೆ ನಾವೇ ಆಹ್ವಾನ ಕೊಟ್ಟಂತೆ.

ಸಿದ್ದಾಪುರದ ಒಳಗಿನ ಹಳ್ಳಿಯಿಂದಲೋ ಜೋಯಿಡಾದ ಕಾಡಂಚಿನಿಂದಲೋ ಬರುವವರು ಎಂಟಕ್ಕೆ ಲ್ಯಾಬಿನಲ್ಲಿ ಇರಲು ಆಗುವುದಿಲ್ಲ. ಅವರಿಗೆ ಒಂದು ಉಪಾಯ, ವೈದ್ಯರನ್ನು ಫೋನಿನಲ್ಲಾದರೂ ಕೇಳಿಯೇ ಮಾಡಬೇಕಾದದ್ದು: ಪರೀಕ್ಷೆಗೆ ಮೂರು ನಾಲ್ಕು ದಿನ ಮೊದಲಿನಿಂದ ಎರಡೂ ಹೊತ್ತನ್ನು ಹತ್ತು–ಹತ್ತಕ್ಕೆ ಸರಿಸುವುದು. ಆಗ ಹತ್ತಕ್ಕೆ ಸ್ವಲ್ಪ ಮೊದಲು ತೆಗೆದ ರಕ್ತ ಸರಿಯಾಗಿ ಹನ್ನೆರಡು ಗಂಟೆಯದಾಗುತ್ತದೆ, ಪರೀಕ್ಷೆಯ ದಿನ ಯಾವ ಡೋಸೂ ತಡವಾಗುವುದಿಲ್ಲ. ಅದೂ ಆಗದಿದ್ದರೆ, ಒಂದು ಹೊತ್ತು ತಡವಾದರೂ ಫಿಟ್ಸ್ ಬರುವ ಮಗುವಾಗಿದ್ದರೆ, ಔಷಧಿಯನ್ನು ಹೊತ್ತಿಗೆ ಕುಡಿಸಿಯೇ ಹೋಗಲಿ. ಹೊತ್ತು ಬರೆದ 104 ಕೆಟ್ಟ ಅಂಕಿಯಲ್ಲ. 'ಸಿರಪ್ ಕುಡಿಸಿ ಒಂದೂವರೆ ಗಂಟೆ' ಎಂದು ಪಕ್ಕದಲ್ಲಿದ್ದರೆ ಇದು ಏರಿಕೆಯ ಮಟ್ಟ, ಇಳಿಕೆ ಇದರ ಅರ್ಧಕ್ಕಿಂತ ಕೆಳಗಿರಬಹುದು ಎಂದು ತಜ್ಞರು ತಾವೇ ಅಂದಾಜು ಮಾಡಿಕೊಳ್ಳುತ್ತಾರೆ. ಹೊತ್ತಿಲ್ಲದ 104ನ್ನು ಯಾರೂ ತಿದ್ದಿಕೊಳ್ಳಲಾರರು.

ಮಧ್ಯಾಹ್ನವೇ ಲ್ಯಾಬಿಗೆ ಹೋಗಲು ಅನುಕೂಲ ಎಂದು ಬೆಳಗಿನ ಡೋಸನ್ನು ಎರಡು ಗಂಟೆಯವರೆಗೆ ತಡೆಹಿಡಿಯುವುದು ಮಾತ್ರ ಬೇಡ. ಹದಿನೆಂಟು ಗಂಟೆಯ ಅಂಕಿಯೂ ಟ್ರಫ್ ಅಲ್ಲ, ಮಗುವಿಗೂ ಅಪಾಯ.

ಗಡಿಯಾರ ನೋಡಬಾರದ ಸಂದರ್ಭಗಳೂ ಇವೆ. ಫೆನಿಟಾಯಿನ್ ತೆಗೆದುಕೊಳ್ಳುವವರು ನಡೆಯುವಾಗ ತೂರಾಡುತ್ತಿದ್ದರೆ, ಕಣ್ಣುಗುಡ್ಡೆ ಅದುರುತ್ತಿದ್ದರೆ, ವಾಲ್‌ಪ್ರೊಯೇಟಿನ ಮಗು ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ನಾಳೆ ಬೆಳಗಿನ ಟ್ರಫ್ಫಿಗೆ ಕಾಯುವಂತಿಲ್ಲ. ಆಗಲೇ ಆಸ್ಪತ್ರೆಗೆ ಹೋಗಬೇಕು, ಆಗಲೇ ರಕ್ತ ತೆಗೆಯಬೇಕು. ವಾಲ್‌ಪ್ರೊಯೇಟಿನಲ್ಲಿ ಮಟ್ಟ ಮಿತಿಯೊಳಗೇ ಇದ್ದು ರಕ್ತದ ಅಮೋನಿಯಾ ಏರಿ ಮಂಪರು ಬರುವುದೂ ಉಂಟು, ಹಾಗಾಗಿ ಅದನ್ನೂ ನೋಡಬೇಕಾಗುತ್ತದೆ. ಹಾಗೆಯೇ ಫಿಟ್ಸ್ ಬಂದು ತುರ್ತು ವಿಭಾಗಕ್ಕೆ ಬಂದವರಿಗೆ ಹೊಸ ಇಂಜೆಕ್ಷನ್ ಕೊಡುವ ಮೊದಲೇ, ಸೂಜಿ ಹಾಕುವಾಗಲೇ ಒಂದು ಟ್ಯೂಬು ತೆಗೆದಿಟ್ಟರೆ ಫಿಟ್ಸಿನ ಹೊತ್ತಿನ ಮಟ್ಟ ಎಷ್ಟಿತ್ತು ಎನ್ನುವುದು ಸಿಗುತ್ತದೆ. ಔಷಧಿ ಹೋದ ಮೇಲೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ. ಫೆನಿಟಾಯಿನ್ ನರಕ್ಕೆ ಕೊಟ್ಟ ಮೇಲೆ ನೋಡುವುದಾದರೆ ಮುಗಿದು ಒಂದೆರಡು ಗಂಟೆ ಬಿಟ್ಟು, ಇಂಜೆಕ್ಷನ್ ಕೊಟ್ಟ ಕೈಯಿಂದಲ್ಲ, ಇನ್ನೊಂದು ಕೈಯಿಂದ ತೆಗೆಯಬೇಕು.

ಲ್ಯಾಬಿನ ಕಡೆಯ ಎರಡು ಮಾತು ಉಳಿದಿವೆ. ಮೊದಲನೆಯದು ಟ್ಯೂಬು. ತಳದಲ್ಲಿ ಜೆಲ್ ಇರುವ ಹಳದಿ ಮುಚ್ಚಳದ ಟ್ಯೂಬು ಬೇರೆ ಪರೀಕ್ಷೆಗಳಿಗೆ ಅನುಕೂಲ. ಆದರೆ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳನ್ನು ಕೆಲವು ಜೆಲ್‌ಗಳು ನಿಧಾನಕ್ಕೆ ಹೀರಿಕೊಳ್ಳುತ್ತವೆ. ಟ್ಯೂಬು ಅರ್ಧವೇ ತುಂಬಿದ್ದು, ಮಳೆಗಾಲದಲ್ಲಿ ಘಾಟಿ ಬಂದ್ ಆಗಿ ಒಂದು ದಿನ ಹೆಚ್ಚು ಕೂತರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಸಾದಾ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ, ಸೀರಮ್ಮನ್ನು ಬೇರೆ ಟ್ಯೂಬಿಗೆ ಹಾಕಿ ತಂಪಿನಲ್ಲಿ ಕಳಿಸುವುದು ಲೇಸು.

ಎರಡನೆಯದು ರಿಪೋರ್ಟಿನ ತಲೆಯ ಮೇಲೆ ಮುದ್ರಿತವಾಗುವ 'ಸಂಗ್ರಹಿಸಿದ ಸಮಯ'. ಎಷ್ಟೋ ಕಡೆ ಅದು ಸೂಜಿ ಚುಚ್ಚಿದ ಹೊತ್ತಲ್ಲ, ಕಂಪ್ಯೂಟರಿನಲ್ಲಿ ಹೆಸರು ನಮೂದಿಸಿದ ಹೊತ್ತು. ಎಂಟಕ್ಕೆ ತೆಗೆದ ರಕ್ತಕ್ಕೆ ಹತ್ತೂ ಕಾಲು ಎಂದು ಬಿದ್ದಿರಬಹುದು. ಅದನ್ನು ನಂಬಿ ಲೆಕ್ಕ ಹಾಕಿದರೆ 47 ಎಂಬುದು ಡೋಸಿನ ನಂತರದ ಅಂಕಿಯಾಗಿ ಕಾಣುತ್ತದೆ, ಔಷಧಿ ಏರುತ್ತಲೇ ಇಲ್ಲ ಎಂಬ ತೀರ್ಮಾನಕ್ಕೆ ದಾರಿಯಾಗುತ್ತದೆ. ಆದ್ದರಿಂದ ವೈದ್ಯರ ಚೀಟಿಯ ಮೇಲೆಯೇ ಪೆನ್ನಿನಲ್ಲಿ ಬರೆಸಿಕೊಂಡು ಅದರ ಫೋಟೋವನ್ನು ರಿಪೋರ್ಟಿನ ಜೊತೆ ಕಳಿಸಿ: ವಾಲ್‌ಪ್ರೊಯೇಟ್ ಸಿರಪ್ 8 ಮಿ.ಲೀ., ಎರಡು ಹೊತ್ತು. ಈ ಡೋಸ್ ಶುರುವಾದ ತಾರೀಕು. ಕೊನೆಯ ಡೋಸ್ ನಿನ್ನೆ ರಾತ್ರಿ 8.00; ಅದರ ಹಿಂದಿನದು ನಿನ್ನೆ ಬೆಳಿಗ್ಗೆ 8.10, ರಕ್ತ ತೆಗೆದದ್ದು ಇವತ್ತು ಬೆಳಿಗ್ಗೆ 7.55, ಬೆಳಗಿನ ಡೋಸ್ ರಕ್ತ ತೆಗೆದ ಮೇಲೆ.